ಮಂಡಕ್ಕಿ ಭಟ್ಟಿಯ ಸೊನ್ನೆ

ಸಂಖ್ಯಾಶಾಸ್ತ್ರದ ನೋಟ್ಸ್‌ನಲ್ಲಿ ನಾವೆಲ್ಲ ಬರೆದುಕೊಂಡ ಒಂದು ಸಾಲಿದೆ: ಸಹಸಂಬಂಧ ಗುಣಾಂಕ +1 ಆದರೆ ಪೂರ್ಣ ಧನ ಸಂಬಂಧ, −1 ಆದರೆ ಪೂರ್ಣ ಋಣ ಸಂಬಂಧ, ಸೊನ್ನೆ ಆದರೆ ಸಂಬಂಧವಿಲ್ಲ. ಮೊದಲ ಎರಡು ಮಾತು ಸರಿ. ಮೂರನೆಯದರಲ್ಲಿ ಒಂದು ಪದ ಬಿಟ್ಟುಹೋಗಿದೆ. 'ಸರಳರೇಖೆಯ ಸಂಬಂಧವಿಲ್ಲ' ಎಂದಿರಬೇಕು. ಒಂದು ಪದದಿಂದ ಏನಾಗುತ್ತದೆ ಎಂದು ನೀವು ಕೇಳಬಹುದು. ನಮ್ಮ ಮಾಮುವಿನ ಭಟ್ಟಿಯಲ್ಲಿ ಆ ಪದಕ್ಕೆ ಒಬ್ಬರ ದಿನಗೂಲಿಯಷ್ಟು ಬೆಲೆ ಇತ್ತು.

ದಾವಣಗೆರೆಯ ಮಂಡಕ್ಕಿ ಗೊತ್ತಿಲ್ಲದವರು ನಮ್ಮ ಕಾಲೇಜಿನಲ್ಲಿ ಯಾರೂ ಇಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಮುರ್ಮುರೆ ಎನ್ನುತ್ತಾರೆ. ನಾನಿರುವುದು ಹರಿಹರದಲ್ಲಿ, ಮಾಮು ಇರುವುದು ದಾವಣಗೆರೆಯಲ್ಲಿ. ಕಾಲೇಜು ಬಿಟ್ಟ ಮೇಲೆ ಕೆಲವು ದಿನ ಅವರ ಭಟ್ಟಿಗೆ ಹೋಗಿ ಲೆಕ್ಕ ಬರೆದುಕೊಟ್ಟು, ಆಮೇಲೆ ಹರಿಹರದ ಬಸ್ಸು ಹಿಡಿಯುತ್ತೇನೆ. ಭಟ್ಟಿಯ ಕೆಲಸ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನ ಲೆಕ್ಕ ಅರ್ಥವಾಗುವುದಿಲ್ಲ. ಭತ್ತವನ್ನು ನೆನೆಸಿ, ಬಿಸಿ ಕೊಟ್ಟು, ಒಣಗಿಸಿ, ಮಿಲ್ಲಿನಲ್ಲಿ ಅಕ್ಕಿ ಮಾಡಿಸುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಬೆರೆಸಿ ಮತ್ತೆ ಒಣಗಿಸುತ್ತಾರೆ. ಕೊನೆಗೆ ಕಾದ ಮರಳಿನಲ್ಲಿ ಹಾಕಿ ಹುರಿದಾಗ ಕೆಲವೇ ಸೆಕೆಂಡಿನಲ್ಲಿ ಅಕ್ಕಿ ಅರಳಿ ಮಂಡಕ್ಕಿಯಾಗುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ.

ಉಪ್ಪುನೀರು ಬೆರೆಸಿದ ಅಕ್ಕಿಯನ್ನು ಒಣಗಿಸುವುದು ಒಬ್ಬ ಖಾಲಾ ಅವರ ಕೆಲಸ. ಅಂಗಳದಲ್ಲಿ ಹರವಿ, ಆಗಾಗ ಕಾಲಿನಿಂದ ತಿರುವುತ್ತಾ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದು ನೋಡಿ, "ಈಗ ತೆಗೀರಿ" ಎಂದು ಅವರು ಹೇಳಿದಾಗ ತೆಗೆಯಬೇಕು. ಒಂದು ಗಂಟೆ ಮೊದಲು ತೆಗೆದರೂ ಬೈಯುತ್ತಾರೆ, ಒಂದು ಗಂಟೆ ತಡವಾದರೂ ಬೈಯುತ್ತಾರೆ.

ಭಟ್ಟಿಯಲ್ಲಿ ಮಾಮುವಿಗೆ ಒಬ್ಬ ಪಾಲುದಾರರಿದ್ದಾರೆ. ಅವರ ಮಗ ಬಿ.ಕಾಂ. ಓದುತ್ತಿದ್ದಾರೆ, ನಾನು ಭಾಯಿ ಎಂದು ಕರೆಯುತ್ತೇನೆ. ಅವರು ಬುದ್ಧಿವಂತರು, ಅದರಲ್ಲಿ ಅನುಮಾನವಿಲ್ಲ. ಕೆಲವು ತಿಂಗಳ ಹಿಂದೆ ಒಂದು ನೋಟ್‌ಬುಕ್ ಇಟ್ಟು, ಪ್ರತಿ ಸಲ ಅಕ್ಕಿ ಎಷ್ಟು ಗಂಟೆ ಒಣಗಿತು, ಒಂದು ಸೇರು ಅಕ್ಕಿಗೆ ಎಷ್ಟು ಸೇರು ಮಂಡಕ್ಕಿ ಬಂತು ಎಂದು ಬರೆದಿಟ್ಟರು. ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿ `=CORREL` ಒತ್ತಿದರು. ಸೊನ್ನೆಗೆ ತೀರ ಹತ್ತಿರದ ಉತ್ತರ ಬಂತು. ರ್‍ಯಾಂಕ್ ಕೊಟ್ಟು ಇನ್ನೊಮ್ಮೆ ನೋಡಿದರು, ಅದೂ ಹಾಗೆಯೇ ಬಂತು. "ನೋಡಿ, ಎರಡು ವಿಧಾನದಲ್ಲೂ ಸಂಬಂಧವಿಲ್ಲ. ಒಣಗಿಸುವ ಗಂಟೆಗೂ ಮಂಡಕ್ಕಿಗೂ ಲೆಕ್ಕವೇ ಇಲ್ಲ. ಬೆಳಿಗ್ಗೆ ಹರವಿ, ಬಿಡುವಾದಾಗ ತೆಗೆದರಾಯಿತು. ಅದಕ್ಕೊಬ್ಬರಿಗೆ ಕೂಲಿ ಯಾಕೆ?" ಎಂದು ಮಾಮುವಿನ ಮುಂದೆ ಕಾಗದ ಇಟ್ಟರು.

ಮಾಮು ಕಾಗದ ನೋಡಿದರು, ನನ್ನನ್ನು ನೋಡಿದರು. "ಬೇಟಾ, ನೀನೂ ಇದೇ ಓದ್ತಿದ್ದೀಯಲ್ಲ, ಇದು ಸರಿಯಾ?" ಎಂದರು.

ಮನೆಗೆ ಹೋಗಿ ನೋಡುತ್ತೇನೆ ಎಂದು ನೋಟ್‌ಬುಕ್ ತೆಗೆದುಕೊಂಡೆ. ಅದರಲ್ಲಿ ಅಂಕಿಗಳು ತುಂಬ ಇದ್ದವು. ಇಲ್ಲಿ ಎಲ್ಲರೂ ಕೈಯಲ್ಲೇ ಲೆಕ್ಕ ಮಾಡಿ ನೋಡಲಿ ಎಂದು ಅದೇ ಆಕಾರದ ಏಳು ಸಣ್ಣ ಅಂಕಿಗಳನ್ನು ನಾನೇ ಮಾಡಿಕೊಂಡಿದ್ದೇನೆ. ಇವು ಭಟ್ಟಿಯ ಅಂಕಿಗಳಲ್ಲ, ಲೆಕ್ಕ ತಿಳಿಯುವುದಕ್ಕೆ ಮಾತ್ರ.

ಒಣಗಿಸಿದ ಗಂಟೆ: 2, 3, 4, 5, 6, 7, 8
ಮಂಡಕ್ಕಿ, ಸೇರಿನಲ್ಲಿ: 3, 6, 8, 9, 7, 5, 4

ಮೊದಲು ಕಾರ್ಲ್ ಪಿಯರ್ಸನ್ ಅವರ ಗುಣಾಂಕ. ಗಂಟೆಗಳ ಸರಾಸರಿ 5, ಮಂಡಕ್ಕಿಯ ಸರಾಸರಿ 6. ಪ್ರತಿ ಅಂಕಿಯಿಂದ ಅದರ ಸರಾಸರಿ ಕಳೆಯಬೇಕು. ಗಂಟೆಯ ಕಡೆ −3, −2, −1, 0, 1, 2, 3 ಬರುತ್ತದೆ. ಮಂಡಕ್ಕಿಯ ಕಡೆ −3, 0, 2, 3, 1, −1, −2. ಜೋಡಿ ಜೋಡಿಯಾಗಿ ಗುಣಿಸಿದರೆ 9, 0, −2, 0, 1, −2, −6. ಕೂಡಿಸಿ ನೋಡಿ: ಸೊನ್ನೆ. ಸೂತ್ರದಲ್ಲಿ ಮೇಲಿರುವುದು ಈ ಮೊತ್ತವೇ ಆದ್ದರಿಂದ ಕೆಳಗೆ ಏನಿದ್ದರೂ ಗುಣಾಂಕ ಸೊನ್ನೆ.

ಇನ್ನು ಸ್ಪಿಯರ್‌ಮನ್ ಅವರ ರ್‍ಯಾಂಕ್ ವಿಧಾನ. ಚಾರ್ಲ್ಸ್ ಸ್ಪಿಯರ್‌ಮನ್ ಮನಃಶಾಸ್ತ್ರಜ್ಞರು, 1904ರಲ್ಲಿ ಇದನ್ನು ಬರೆದರು. ಇಲ್ಲಿ ಅಂಕಿ ಎಷ್ಟು ದೊಡ್ಡದು ಎಂಬುದು ಬೇಕಿಲ್ಲ, ಸಾಲಿನಲ್ಲಿ ಎಷ್ಟನೆಯದು ಎಂಬುದು ಮಾತ್ರ ಬೇಕು. ಚಿಕ್ಕದಕ್ಕೆ 1 ಎಂದು ಶುರುಮಾಡಿದರೆ ಗಂಟೆಗಳ ರ್‍ಯಾಂಕ್ 1ರಿಂದ 7. ಮಂಡಕ್ಕಿಯ ರ್‍ಯಾಂಕ್ 1, 4, 6, 7, 5, 3, 2. ವ್ಯತ್ಯಾಸಗಳು 0, −2, −3, −3, 0, 3, 5. ವರ್ಗ ಮಾಡಿ ಕೂಡಿಸಿದರೆ 56. ಈಗ ಸೂತ್ರ:

1 − 6Σd² / n(n² − 1) = 1 − (6 × 56) / (7 × 48) = 1 − 336/336 = 0

ಭಾಯಿ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಎರಡೂ ಸೊನ್ನೆಯೇ. ಆದರೆ ಮಂಡಕ್ಕಿಯ ಸಾಲನ್ನು ಒಮ್ಮೆ ಸುಮ್ಮನೆ ಓದಿ ನೋಡಿ: 3, 6, 8, 9, 7, 5, 4. ಏರುತ್ತದೆ, ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ, ಇಳಿಯುತ್ತದೆ. ಗಂಟೆ ಹೇಳಿದರೆ ಮಂಡಕ್ಕಿ ಎಷ್ಟು ಬರುತ್ತದೆ ಎಂದು ಯಾರಾದರೂ ಹೇಳಬಹುದು. ಇದಕ್ಕಿಂತ ಗಟ್ಟಿ ಸಂಬಂಧ ಇನ್ನೇನು ಬೇಕು?

ಗ್ರಾಫ್ ಹಾಳೆಯಲ್ಲಿ ಏಳು ಚುಕ್ಕೆ ಇಟ್ಟರೆ ಮಗುಚಿಟ್ಟ ಬೋಗುಣಿಯ ಹಾಗೆ ಕಾಣುತ್ತದೆ. ಸೊನ್ನೆ ಯಾಕೆ ಬಂತು ಎಂಬುದು ಅಲ್ಲಿಯೇ ತಿಳಿಯುತ್ತದೆ. ಬೋಗುಣಿಯನ್ನು ತುದಿಯಲ್ಲಿ ಸೀಳಿ ಎರಡು ಭಾಗ ಮಾಡೋಣ. 2ರಿಂದ 5 ಗಂಟೆಯ ನಾಲ್ಕು ಜೋಡಿಗಳಿಗೆ ಮಾತ್ರ ಪಿಯರ್ಸನ್ ಗುಣಾಂಕ ತೆಗೆದರೆ 0.98 ಬರುತ್ತದೆ. 5ರಿಂದ 8 ಗಂಟೆಯ ನಾಲ್ಕು ಜೋಡಿಗಳಿಗೆ ತೆಗೆದರೆ −0.99. ಎಡಭಾಗ 'ಜಾಸ್ತಿ ಒಣಗಿಸು, ಜಾಸ್ತಿ ಬರುತ್ತದೆ' ಎನ್ನುತ್ತದೆ. ಬಲಭಾಗ 'ಜಾಸ್ತಿ ಒಣಗಿಸಿದರೆ ಕಡಿಮೆಯಾಗುತ್ತದೆ' ಎನ್ನುತ್ತದೆ. ಎರಡೂ ಜೋರಾಗಿಯೇ ಹೇಳುತ್ತವೆ. ಒಟ್ಟಿಗೆ ಕೂಡಿಸಿದಾಗ ಒಂದರ ಮಾತನ್ನು ಇನ್ನೊಂದು ಹೊಡೆದು ಹಾಕುತ್ತದೆ. ಜಮಾ ಹತ್ತು ಸಾವಿರ, ಖರ್ಚು ಹತ್ತು ಸಾವಿರ ಇರುವ ಖಾತೆಯ ಬಾಕಿ ಸೊನ್ನೆ. ಹಾಗೆಂದು ಆ ಖಾತೆಯಲ್ಲಿ ವ್ಯವಹಾರವೇ ನಡೆದಿಲ್ಲ ಎಂದು ಯಾವ ಕಾಮರ್ಸ್ ವಿದ್ಯಾರ್ಥಿಯೂ ಹೇಳುವುದಿಲ್ಲ. ಗುಣಾಂಕದ ಸೊನ್ನೆಯೂ ಇಂಥ ಬಾಕಿಯೇ ಆಗಿರಬಹುದು.

ಇಲ್ಲಿ ಒಂದು ಪ್ರಶ್ನೆ ನನ್ನನ್ನು ಬಹಳ ಹೊತ್ತು ಕಾಡಿತು. ಸರಳರೇಖೆ ಅಲ್ಲದಿದ್ದರೆ ರ್‍ಯಾಂಕ್ ವಿಧಾನ ಬಳಸಬೇಕು ಎಂದು ಕೇಳಿದ್ದೇವಲ್ಲ? ಹಾಗಾದರೆ ಸ್ಪಿಯರ್‌ಮನ್ ಯಾಕೆ ಹಿಡಿಯಲಿಲ್ಲ? ಉತ್ತರ ಸಿಗಲು ಇನ್ನೊಂದು ಲೆಕ್ಕ ಮಾಡಬೇಕಾಯಿತು. ಒದ್ದೆ ಅಕ್ಕಿಯಲ್ಲಿ ಹೆಚ್ಚಿನ ನೀರು ಪ್ರತಿ ಗಂಟೆಗೂ ಅರ್ಧ ಆಗುತ್ತದೆ ಎಂದು ಇಟ್ಟುಕೊಳ್ಳಿ. 1ರಿಂದ 7 ಗಂಟೆಗೆ ಉಳಿದ ನೀರು 64, 32, 16, 8, 4, 2, 1 ಗ್ರಾಂ. ಇದೂ ಬಾಗಿದ ಗೆರೆಯೇ, ಮೊದಲು ಧಡಕ್ಕನೆ ಇಳಿದು ಆಮೇಲೆ ನಿಧಾನವಾಗುತ್ತದೆ. ಪಿಯರ್ಸನ್ ಗುಣಾಂಕ −0.88 ಬರುತ್ತದೆ. ಸಂಬಂಧ ಪೂರ್ತಿ ಗಟ್ಟಿ ಇದ್ದರೂ ಗೆರೆ ನೇರ ಇಲ್ಲವಾದ್ದರಿಂದ ಅಂಕ ಕಡಿತವಾಗಿದೆ. ಸ್ಪಿಯರ್‌ಮನ್ ತೆಗೆದರೆ? ಗಂಟೆ ಏರಿದಂತೆ ನೀರು ಒಮ್ಮೆಯೂ ತಪ್ಪದೆ ಇಳಿದಿದೆ. ರ್‍ಯಾಂಕ್‌ಗಳು ಸರಿಯಾಗಿ ತಲೆಕೆಳಗು. Σd² 112 ಆಗಿ ಉತ್ತರ ನಿಖರವಾಗಿ −1.

ಅಂದರೆ ರ್‍ಯಾಂಕ್ ವಿಧಾನ ಬಾಗಿದ್ದನ್ನು ಕ್ಷಮಿಸುತ್ತದೆ, ತಿರುಗಿದ್ದನ್ನು ಕ್ಷಮಿಸುವುದಿಲ್ಲ. ಗೆರೆ ಎಷ್ಟೇ ಬಾಗಲಿ, ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದರೆ ಸ್ಪಿಯರ್‌ಮನ್ ಹಿಡಿಯುತ್ತದೆ. ಏರುತ್ತಿದ್ದದ್ದು ನಡುವೆ ಇಳಿಯತೊಡಗಿದರೆ ಅದೂ ಪಿಯರ್ಸನ್‌ನಷ್ಟೇ ಕುರುಡು. ಇದಕ್ಕೆ ಕಾರಣ ಸರಳ. ರ್‍ಯಾಂಕ್ ಗುಣಾಂಕ ಬೇರೆ ಏನೂ ಅಲ್ಲ, ಅಂಕಿಗಳ ಬದಲು ರ್‍ಯಾಂಕ್‌ಗಳನ್ನು ಹಾಕಿ ತೆಗೆದ ಪಿಯರ್ಸನ್ ಗುಣಾಂಕವೇ. ಮೇಲಿನ ಮಂಡಕ್ಕಿಯ ಅಂಕಿಗಳನ್ನೇ ನೋಡಿ. 3ರಿಂದ 9ರವರೆಗೆ ಪ್ರತಿ ಸಂಖ್ಯೆಯೂ ಒಮ್ಮೊಮ್ಮೆ ಬಂದಿದೆ. ಎಲ್ಲದರಿಂದ 2 ಕಳೆದರೆ ಅದೇ ರ್‍ಯಾಂಕ್. ಗಂಟೆಗಳಿಂದ 1 ಕಳೆದರೆ ಅವುಗಳ ರ್‍ಯಾಂಕ್. ಆದ್ದರಿಂದ ಎರಡೂ ವಿಧಾನದ ಉತ್ತರ ಒಂದೇ ಆಗದೆ ಬೇರೆ ದಾರಿಯೇ ಇರಲಿಲ್ಲ. ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದವು ಎಂದು ಭಾಯಿ ನಂಬಿದ್ದರು. ಸಾಕ್ಷಿ ಒಬ್ಬನೇ, ಅಂಗಿ ಬದಲಿಸಿ ಎರಡು ಸಲ ಬಂದಿದ್ದ.

ಸಂಬಂಧ ಇದೆ ಎಂಬುದನ್ನು ಒಂದು ಸಂಖ್ಯೆಯಲ್ಲಿ ತೋರಿಸಲೇಬೇಕು ಎಂದರೆ ದಾರಿಯಿದೆ, ಪ್ರಶ್ನೆಯನ್ನು ಬದಲಿಸಬೇಕು. 'ಎಷ್ಟು ಗಂಟೆ' ಎಂದು ಕೇಳುವ ಬದಲು 'ಹದವಾದ ಗಂಟೆಯಿಂದ ಎಷ್ಟು ದೂರ' ಎಂದು ಕೇಳಬೇಕು. ನಮ್ಮ ಉದಾಹರಣೆಯಲ್ಲಿ ಹದ 5 ಗಂಟೆ. ಮೊದಲಾಗಲಿ ತಡವಾಗಲಿ, 5ರಿಂದ ದೂರ 3, 2, 1, 0, 1, 2, 3. ಈ ದೂರಕ್ಕೂ ಮಂಡಕ್ಕಿಗೂ ಪಿಯರ್ಸನ್ ಗುಣಾಂಕ ತೆಗೆದರೆ −0.97. ಅದೇ ಏಳು ಜೋಡಿ, ಅದೇ ಸೂತ್ರ. ಸೊನ್ನೆಯಾಗಿದ್ದದ್ದು ಈಗ −1ರ ಪಕ್ಕದಲ್ಲಿದೆ. ಹದದಿಂದ ದೂರ ಹೋದಷ್ಟೂ ಮಂಡಕ್ಕಿ ಕಡಿಮೆ ಎಂದು ಅದರ ಅರ್ಥ. ಖಾಲಾ ಬೈಯುತ್ತಿದ್ದದ್ದೂ ಇದಕ್ಕೇ.

ಇದು ಬರೀ ಅಂಕಿಗಳ ಆಟವೇ, ಅಕ್ಕಿಯೊಳಗೆ ಇದಕ್ಕೆ ಕಾರಣವಿದೆಯೇ ಎಂದೂ ನೋಡಬೇಕು. ಕಾರಣವಿದೆ, ಅದನ್ನು ನಮ್ಮ ಕರ್ನಾಟಕದಲ್ಲೇ ಅಳೆದಿದ್ದಾರೆ. ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಆರ್. ಚಿನ್ನಸ್ವಾಮಿ ಮತ್ತು ಕೆ. ಆರ್. ಭಟ್ಟಾಚಾರ್ಯ ಅವರು ಅರಳಿದ ಅಕ್ಕಿಯ ಬಗ್ಗೆ ಮಾಡಿದ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ಅಕ್ಕಿಯಲ್ಲಿ ತೇವಾಂಶ ಶೇಕಡಾ 10.5ರಿಂದ 11ರ ಆಸುಪಾಸಿನಲ್ಲಿದ್ದು, ಶಾಖ ಸುಮಾರು 250 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅದು ಅತಿ ಹೆಚ್ಚು ಅರಳುತ್ತದೆ ಎಂದು ಅವರು ಕಂಡರು. ಕಾಳನ್ನು ಅರಳಿಸುವುದು ಅದರೊಳಗಿನ ನೀರು. ಬಿಸಿ ತಗುಲಿದ ಕೂಡಲೇ ಅದು ಆವಿಯಾಗಿ ಒಳಗಿನಿಂದ ತಳ್ಳುತ್ತದೆ. ತೀರ ಒಣಗಿದ್ದರೆ ತಳ್ಳುವಷ್ಟು ಆವಿ ಇಲ್ಲ, ಕಾಳು ಗಟ್ಟಿಯಾಗಿ ಉಳಿಯುತ್ತದೆ. ತೀರ ಒದ್ದೆಯಿದ್ದರೆ ಕಾಳು ಮೆತ್ತಗಿದ್ದು ಸರಿಯಾಗಿ ಹಿಗ್ಗಿ ನಿಲ್ಲುವುದಿಲ್ಲ. ಎರಡೂ ಕಡೆ ನಷ್ಟ, ನಡುವೆ ಹದ. ಇಂಥ ಕಡೆ ಗೆರೆ ನೇರ ಇರುವುದಕ್ಕೆ ಸಾಧ್ಯವೇ ಇಲ್ಲ. ಖಾಲಾ ಹಲ್ಲಿನಲ್ಲಿ ಕಡಿದು ನೋಡುವುದು ಇದೇ ತೇವಾಂಶವನ್ನು.

ಮರುದಿನ ಗ್ರಾಫ್ ಹಾಳೆ ತೆಗೆದುಕೊಂಡು ಹೋದೆ. ಸೂತ್ರ ಹೇಳಲಿಲ್ಲ, ಮಾಮುವಿನ ಮುಂದೆ ಚುಕ್ಕೆಗಳನ್ನಷ್ಟೇ ಇಟ್ಟೆ. ಅವರು ಬೆರಳಿನಿಂದ ಮೇಲಕ್ಕೆ ಹೋಗಿ ಕೆಳಕ್ಕೆ ಬಂದು, "ಇದು ಹದದ ಮಾತು" ಎಂದರು. ಭಾಯಿ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಅವರು ಕೇಳಿದ ಪ್ರಶ್ನೆ ಒಳ್ಳೆಯದಾಗಿತ್ತು: "ಅಂಕಿ ನೋಡಿದ ಮೇಲೆ ನೀನು 5 ಆರಿಸಿಕೊಂಡೆ. ಚೆನ್ನಾಗಿ ಬರುವ ಹಾಗೆ ಆರಿಸಿದರೆ ಚೆನ್ನಾಗಿಯೇ ಬರುತ್ತದಲ್ಲ?" ಅದು ನಿಜ. ಮಧ್ಯದ ಬಿಂದುವನ್ನು ಅದೇ ಅಂಕಿಗಳಿಂದ ಆರಿಸಿ, ಅದೇ ಅಂಕಿಗಳ ಮೇಲೆ ಗುಣಾಂಕ ತೆಗೆದರೆ ಅದು ಸ್ವಲ್ಪ ಹೆಚ್ಚಾಗಿಯೇ ಕಾಣುತ್ತದೆ. ಆದ್ದರಿಂದ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಹಳೆಯ ನೋಟ್‌ಬುಕ್ಕಿನಿಂದ ಹದದ ಗಂಟೆಯನ್ನು ಈಗಲೇ ಬರೆದಿಡುವುದು, ಮುಂದಿನ ತಿಂಗಳ ಹೊಸ ಅಂಕಿಗಳಲ್ಲಿ ಅದು ನಿಲ್ಲುತ್ತದೆಯೇ ಎಂದು ನೋಡುವುದು. ಅಲ್ಲಿಯವರೆಗೆ ಖಾಲಾ ಕೆಲಸ ಇದ್ದಂತೆಯೇ ಇರಲಿ ಎಂದು ಮಾಮು ಹೇಳಿದರು.

ಒಂದು ತಿಂಗಳ ಅಂಕಿ ಬಂದಿದೆ. ಬೋಗುಣಿಯ ಆಕಾರ ಹಾಗೆಯೇ ಇದೆ, ಆದರೆ ತುದಿ ಸರಿದಿದೆ. ಮೋಡ ಹೆಚ್ಚಿದ್ದ ದಿನಗಳಲ್ಲಿ ಹದ ತಡವಾಗಿ ಬಂತು. ಅದು ಸಹಜವೇ. ಕಾರಣವಾಗಿರುವುದು ತೇವಾಂಶ, ಗಂಟೆ ಅದರ ಬದಲಿಗೆ ನಾವು ಅಳೆದದ್ದು ಮಾತ್ರ. ಏಪ್ರಿಲ್ ಬಿಸಿಲಿನ ಒಂದು ಗಂಟೆಯೂ ಜುಲೈ ಮೋಡದ ಒಂದು ಗಂಟೆಯೂ ಒಂದೇ ಅಲ್ಲ. 'ಇಷ್ಟೇ ಗಂಟೆ' ಎಂಬ ನಿಯಮ ಗೋಡೆಯ ಮೇಲೆ ಬರೆದು ಹಾಕಿದರೂ ಅದು ಖಾಲಾ ಅವರ ಹಲ್ಲಿನ ಬದಲಿಗೆ ನಿಲ್ಲುವುದಿಲ್ಲ. ಇದನ್ನು ಮೊದಲು ಹೇಳಿದವರು ಭಾಯಿಯೇ. ಈಗ ಅವರ ನೋಟ್‌ಬುಕ್ಕಿನಲ್ಲಿ ಬಿಸಿಲು, ಮೋಡ ಎಂದು ಇನ್ನೊಂದು ಕಾಲಂ ಇದೆ.

ಇನ್ನೊಂದು ವಿಷಯವನ್ನೂ ಗಮನಿಸಿ. ನಾವು ಯಾವ ತುಂಡನ್ನು ನೋಡುತ್ತೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಯಾವಾಗಲೂ ಅವಸರದಲ್ಲಿ ತೆಗೆಯುವ ಭಟ್ಟಿಯವರು 2ರಿಂದ 5 ಗಂಟೆಯ ಅಂಕಿಗಳನ್ನು ಮಾತ್ರ ಕಂಡಿರುತ್ತಾರೆ. ಅವರ ಗುಣಾಂಕ +1ರ ಹತ್ತಿರ, 'ಒಣಗಿಸಿದಷ್ಟೂ ಲಾಭ' ಎಂದು ಅವರು ಆಣೆ ಮಾಡಿ ಹೇಳಬಹುದು. ಯಾವಾಗಲೂ ತಡಮಾಡುವವರು ಅದರ ವಿರುದ್ಧ ಹೇಳುತ್ತಾರೆ. ಇಬ್ಬರ ಅಂಕಿಯೂ ನಿಜ, ಇಬ್ಬರೂ ನೋಡಿದ್ದು ಒಂದೇ ಬೋಗುಣಿಯ ಒಂದೊಂದು ಬದಿ.

ಇಂಥ ಬೋಗುಣಿ ಭಟ್ಟಿಯಲ್ಲಿ ಮಾತ್ರ ಇರುವುದಲ್ಲ. ಹರಿಹರದ ಸೇತುವೆಯ ಮೇಲಿಂದ ವರ್ಷವಿಡೀ ತುಂಗಭದ್ರೆಯನ್ನು ನೋಡುವವರಿಗೆ ಗೊತ್ತು. ಬೇಸಿಗೆಯಲ್ಲಿ ಬಂಡೆ ಕಾಣುತ್ತದೆ, ಜುಲೈ ಆಗಸ್ಟ್‌ನಲ್ಲಿ ಹೊಳೆ ತುಂಬುತ್ತದೆ, ಆಮೇಲೆ ಮತ್ತೆ ಇಳಿಯುತ್ತದೆ. ಜನವರಿಗೆ 1, ಡಿಸೆಂಬರಿಗೆ 12 ಎಂದು ತಿಂಗಳ ಸಂಖ್ಯೆ ಹಾಕಿ ನೀರಿನ ಜೊತೆ ಗುಣಾಂಕ ತೆಗೆದರೆ ಅದು ಸಂಬಂಧದ ನಿಜವಾದ ಬಲವನ್ನು ತೋರಿಸುವುದಿಲ್ಲ, ಏರಿದ ತಿಂಗಳುಗಳು ಇಳಿದ ತಿಂಗಳುಗಳ ಜೊತೆ ವಜಾ ಆಗುತ್ತವೆ. ಹಾಗೆಂದು ಹೊಳೆಗೂ ತಿಂಗಳಿಗೂ ಸಂಬಂಧವಿಲ್ಲ ಎಂದರೆ ದಡದಲ್ಲಿ ಬಟ್ಟೆ ಒಗೆಯುವವರು ನಗುತ್ತಾರೆ.

ಗುಣಾಂಕ ದೊಡ್ಡದಿದ್ದರೂ ಚಿತ್ರ ನೋಡಬೇಕು ಎಂದು 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೂಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು ತೋರಿಸಿದರು. ಅವರು ನಾಲ್ಕು ಗುಂಪು ಅಂಕಿಗಳನ್ನು ಮಾಡಿದರು. ನಾಲ್ಕಕ್ಕೂ ಗುಣಾಂಕ 0.82ರ ಹತ್ತಿರ. ಗ್ರಾಫ್‌ನಲ್ಲಿ ಮಾತ್ರ ಒಂದಕ್ಕೊಂದು ಹೋಲಿಕೆಯೇ ಇಲ್ಲ, ಎರಡನೆಯದು ಸ್ಪಷ್ಟವಾಗಿ ಬಾಗಿದ ಗೆರೆ. ನಮ್ಮ ಪರೀಕ್ಷೆಯಲ್ಲಿ ಸ್ಕ್ಯಾಟರ್ ಡಯಾಗ್ರಾಂಗೆ ಅಂಕ ಕಡಿಮೆ, ಗುಣಾಂಕಕ್ಕೆ ಜಾಸ್ತಿ. ಅದಕ್ಕೇ ಹೆಚ್ಚಿನವರು ಚಿತ್ರ ಬಿಟ್ಟು ನೇರ ಸೂತ್ರಕ್ಕೆ ಹೋಗುತ್ತೇವೆ. ಕೆಲಸದಲ್ಲಿ ಕ್ರಮ ಉಲ್ಟಾ ಇರಬೇಕು. ಮೊದಲು ಚುಕ್ಕೆಗಳನ್ನು ಇಡಿ. ಅವು ನೇರ ಹೋದರೆ ಪಿಯರ್ಸನ್. ಬಾಗಿದರೂ ಒಂದೇ ದಿಕ್ಕಿಗೆ ಹೋದರೆ ಸ್ಪಿಯರ್‌ಮನ್. ತಿರುಗಿ ಬಂದರೆ ತುದಿಯಲ್ಲಿ ಸೀಳಿ ಎರಡು ಭಾಗವಾಗಿ ನೋಡಿ, ಇಲ್ಲವೇ ಹದದಿಂದ ಇರುವ ದೂರವನ್ನು ಅಳೆಯಿರಿ. ಚುಕ್ಕೆಗಳು ಹಾಳೆಯ ತುಂಬ ಮರಳು ಚೆಲ್ಲಿದ ಹಾಗೆ ಬಿದ್ದು, ಗುಣಾಂಕವೂ ಸೊನ್ನೆಯ ಹತ್ತಿರ ಬಂದರೆ, ಆಗ ಮಾತ್ರ 'ಈ ಅಂಕಿಗಳಲ್ಲಿ ಸಂಬಂಧ ಕಾಣಲಿಲ್ಲ' ಎಂದು ಬರೆಯಿರಿ.